ಬೆಳಗ್ಗೆ ಒಂಬತ್ತರವರೆಗೆ ಬಾಗಿಲು ತೆಗೆಯಬಾರದು

ಆರು ವರ್ಷ ಕೋಳಿ ಸಾಕಿದ ಮೇಲೆ ಬಾತುಕೋಳಿ ತಂದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಮರಿಗಳು. ಬೆಳೆದು ನಿಂತಾಗ ಹದಿನೆಂಟು ಹೆಣ್ಣು ಬಾತುಗಳಿದ್ದವು. ಮನೆಯ ಹಿಂದೆ ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಹೊಂಡ ಮೊದಲೇ ಇತ್ತು. ನೀರಿದೆ, ಗೂಡಿದೆ, ಕೋಳಿಯ ಅನುಭವವಿದೆ, ಇನ್ನೇನು ಬೇಕು ಎಂದುಕೊಂಡಿದ್ದೆ. ಮೊದಲ ವರ್ಷ ಆದ ನಷ್ಟವೆಲ್ಲ ಬಾತನ್ನು ಕೋಳಿಯ ಹಾಗೆ ನೋಡಿಕೊಂಡಿದ್ದರಿಂದಲೇ ಆಗಿದ್ದು.

ಸುಮಾರು ಐದು ತಿಂಗಳಿಗೆ ಮೊಟ್ಟೆ ಶುರುವಾಯಿತು. ಈ ತಳಿ ಚೆನ್ನಾಗಿ ಇಟ್ಟರೆ ವರ್ಷಕ್ಕೆ ಮುನ್ನೂರರ ಹತ್ತಿರ ಹೋಗುತ್ತದೆ. ಹಾಗಾಗಿ ಹದಿನೆಂಟು ಬಾತುಗಳಿಂದ ದಿನಕ್ಕೆ ಹದಿನಾಲ್ಕರ ಹತ್ತಿರ ಸಿಗಬೇಕು. ನನಗೆ ಸಿಗುತ್ತಿದ್ದದ್ದು ಆರೋ ಏಳೋ. ಆಹಾರ ಬದಲಿಸಿ ನೋಡಿದೆ, ಸುಣ್ಣದಂಶಕ್ಕೆಂದು ಚಿಪ್ಪಿನ ಪುಡಿ ಹಾಕಿದೆ, ಮುಂಗುಸಿ ಬರುತ್ತಿರಬಹುದೆಂದು ಬೇಲಿ ಬಿಗಿ ಮಾಡಿದೆ. ಎಣಿಕೆ ಏರಲಿಲ್ಲ. ಒಂದು ದಿನ ಹೊಂಡದ ನೀರು ವಾಸನೆ ಬರುತ್ತಿದೆ ಎಂದು ಪೂರ್ತಿ ಖಾಲಿ ಮಾಡಿಸಿದೆ. ತಳದ ಕೆಸರಿನಲ್ಲಿ ಕಾಲಿಟ್ಟರೆ ಗುಂಡಗೆ ಏನೋ ಸಿಕ್ಕಿತು. ಬಗ್ಗಿ ತೆಗೆದರೆ ಮೊಟ್ಟೆ. ಆ ಮಧ್ಯಾಹ್ನ ನಲವತ್ತಕ್ಕೂ ಹೆಚ್ಚು ಮೊಟ್ಟೆ ಎತ್ತಿದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

ಕೋಳಿ ಹಗಲಿನಲ್ಲಿ ಯಾವ ಹೊತ್ತಿಗಾದರೂ ಮೊಟ್ಟೆ ಇಡುತ್ತದೆ, ಅದಕ್ಕಾಗಿ ಗೂಡು ಹುಡುಕಿಕೊಂಡು ವಾಪಸ್ ಬರುತ್ತದೆ. ಬಾತು ಹಾಗಲ್ಲ. ಹೆಚ್ಚಿನವು ನಸುಕಿನಿಂದ ಎಂಟೂವರೆ ಒಂಬತ್ತರೊಳಗೆ ಇಟ್ಟು ಮುಗಿಸುತ್ತವೆ. ಆ ಹೊತ್ತಿಗೆ ಎಲ್ಲಿರುತ್ತವೋ ಅಲ್ಲೇ ಬಿಡುತ್ತವೆ. ಕೋಳಿ ಬಿಡುವ ಅಭ್ಯಾಸದಲ್ಲಿ ನಾನು ಬೆಳಕು ಹರಿಯುತ್ತಲೇ ಬಾಗಿಲು ತೆಗೆಯುತ್ತಿದ್ದೆ. ಅವು ಸೀದಾ ನೀರಿಗೆ ಇಳಿಯುತ್ತಿದ್ದವು, ಮೊಟ್ಟೆಯೂ ನೀರಿಗೇ ಹೋಗುತ್ತಿತ್ತು.

ಮರುದಿನದಿಂದ ಒಂಬತ್ತಕ್ಕೆ ಮೊದಲು ಬಾಗಿಲು ತೆಗೆಯಲಿಲ್ಲ. ಮೊದಲ ಮೂರು ದಿನ ಬಾಗಿಲಿಗೆ ಒತ್ತಿಕೊಂಡು ಕಿರುಚಾಡಿದವು. ಹಾಗೆ ಗಲಾಟೆ ಮಾಡಿದಾಗ ನೆಲದ ಮೇಲಿದ್ದ ಮೊಟ್ಟೆಗಳು ತುಳಿದು ಒಡೆದವು. ಆಗ ಆರು ಗಂಟೆಗೇ ಒಳಗೆ ತಿಂಡಿ ನೀರು ಕೊಡಲು ಶುರುಮಾಡಿದೆ, ಸಮಾಧಾನವಾದವು. ಕೋಳಿಗೆ ಮಾಡಿದ್ದ ಎತ್ತರದ ಪೆಟ್ಟಿಗೆಗಳನ್ನು ಬಾತು ಮೂಸಿಯೂ ನೋಡಿರಲಿಲ್ಲ. ಅವು ಹಾರಿ ಹತ್ತುವುದಿಲ್ಲ, ಅಡ್ಡಗೋಲಿನ ಮೇಲೆ ಮಲಗುವುದೂ ಇಲ್ಲ, ಎಲ್ಲ ನೆಲದ ಮೇಲೆಯೇ. ಗೋಡೆಯ ಬದಿಯ ಕತ್ತಲ ಮೂಲೆಯಲ್ಲಿ ತಳವಿಲ್ಲದ ನಾಲ್ಕು ಪೆಟ್ಟಿಗೆ ಇಟ್ಟು ಒಣಹುಲ್ಲು ದಪ್ಪಗೆ ತುಂಬಿದೆ, ಪ್ರತಿಯೊಂದರಲ್ಲೂ ಒಂದೊಂದು ಮರದ ಮೊಟ್ಟೆ ಇಟ್ಟೆ. ಹತ್ತೇ ದಿನದಲ್ಲಿ ಲೆಕ್ಕ ಹದಿಮೂರಕ್ಕೆ ಬಂತು. ಇಟ್ಟ ಮೊಟ್ಟೆಯನ್ನು ಹುಲ್ಲಿನಡಿ ಮುಚ್ಚಿಡುವ ಚಾಳಿ ಬಾತಿಗೆ ಇದೆ. ಕಣ್ಣಿಗೆ ಕಾಣುವುದಷ್ಟನ್ನೇ ಎತ್ತಿಕೊಂಡು ಬಂದರೆ ಅರ್ಧ ಅಲ್ಲೇ ಉಳಿಯುತ್ತದೆ, ಕೈ ಆಡಿಸಿ ನೋಡಬೇಕು.

ಇನ್ನು ನೀರು. ಹೊಂಡವಿಲ್ಲದಿದ್ದರೂ ಬಾತು ಮೊಟ್ಟೆ ಇಡುತ್ತದೆ, ಈಜುವುದು ಅದಕ್ಕೆ ಖುಷಿಯೇ ಹೊರತು ಮೊಟ್ಟೆಗೆ ಅನಿವಾರ್ಯವಲ್ಲ. ತಲೆ ಮುಳುಗುವಷ್ಟು ಆಳದ ಶುದ್ಧ ನೀರು ಮಾತ್ರ ದಿನವೂ ಬೇಕೇಬೇಕು. ಕೊಕ್ಕಿನ ಮೇಲಿನ ಮೂಗಿನ ತೂತು, ಕಣ್ಣು ಎರಡನ್ನೂ ಅದು ತಲೆ ಅದ್ದಿಯೇ ತೊಳೆದುಕೊಳ್ಳುತ್ತದೆ. ಮೊದಲ ತಿಂಗಳು ನಾನು ಕೋಳಿಯ ಆಳವಿಲ್ಲದ ತಟ್ಟೆಯನ್ನೇ ಇಟ್ಟಿದ್ದೆ. ಎರಡು ಬಾತುಗಳ ಕಣ್ಣಂಚಿನಲ್ಲಿ ನೊರೆ ಬಂದು ರೆಪ್ಪೆ ಅಂಟಿಕೊಂಡಿತು. ಒಂದು ಗೇಣು ಆಳದ ಟಬ್ ಇಟ್ಟ ಮೇಲೆ ವಾರದಲ್ಲಿ ವಾಸಿಯಾಯಿತು, ಬೇರೆ ಔಷಧಿ ಹಾಕಲಿಲ್ಲ.

ತಿಂಡಿಯ ಪಕ್ಕದಲ್ಲೇ ನೀರಿರಬೇಕು. ಒಣ ಪುಡಿ ಬಾತಿನ ಕೊಕ್ಕಿನೊಳಗೆ ಅಂಟಂಟಾಗಿ ಕೂರುತ್ತದೆ. ಒಂದು ಬಾಯಿ ತಿಂದು ನೀರಿಗೆ ಓಡಿ, ಕೊಕ್ಕು ಅಲ್ಲಾಡಿಸಿ, ಮತ್ತೆ ಓಡಿಬರುತ್ತದೆ. ನಾನು ಹಿಟ್ಟಿಗೆ ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಹದಕ್ಕೆ ಕಲಸಿ ಕೊಡುತ್ತೇನೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸುತ್ತೇನೆ, ಉಳಿದದ್ದು ಹುಳಿಯಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷಕ್ಕೆ ಬಾತು ಕೋಳಿಗಿಂತ ಬಹಳ ಬೇಗ ಬಲಿಯಾಗುತ್ತದೆ. ಹಳೆಯ ಕಡಲೆಕಾಯಿ ಹಿಂಡಿ, ತೇವ ಹಿಡಿದ ಮೆಕ್ಕೆಜೋಳ ಇವೆರಡನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಮುಟ್ಟುವುದಿಲ್ಲ.

ಬಾತು ಇದ್ದಲ್ಲಿ ನೆಲ ಒದ್ದೆ. ಹಿಕ್ಕೆಯೂ ಬಹುಪಾಲು ನೀರೇ. ಅದಕ್ಕೆ ನೀರಿನ ಟಬ್ಬನ್ನು ಕಲ್ಲು ತುಂಬಿದ ಒಂದಡಿ ಗುಂಡಿಯ ಮೇಲೆ ಜಾಲರಿ ಹಾಸಿ ಇಟ್ಟಿದ್ದೇನೆ. ಚೆಲ್ಲಿದ ನೀರು ಅಲ್ಲೇ ಇಂಗುತ್ತದೆ, ಮಲಗುವ ಜಾಗದ ಹುಲ್ಲು ಒಣಗಿರುತ್ತದೆ.

ಹೊಂಡದ ವಿಷಯದಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಅಷ್ಟು ಚಿಕ್ಕ ಹೊಂಡಕ್ಕೆ ಹದಿನೆಂಟು ಬಾತು ದಿನವಿಡೀ ಹೆಚ್ಚು. ಹಿಕ್ಕೆಯಿಂದ ನೀರು ವಾರದಲ್ಲೇ ಹಸಿರಾಗಿ ಮಂದವಾಗುತ್ತಿತ್ತು, ಅಂಚಿನ ಮಣ್ಣನ್ನು ಕೊಕ್ಕಿನಿಂದ ಕೆದಕಿ ಕೆದಕಿ ದಡ ಒಳಗೆ ಕುಸಿಯುತ್ತಿತ್ತು. ಗರಿಯ ಮೇಲೆ ನೀರು ಮುತ್ತಿನಂತೆ ಉರುಳದೆ ಒಳಗೆ ಇಳಿದರೆ ಹೊಂಡದ ನೀರು ಕೊಳಕಾಗಿರಬಹುದು. ಬೇಸಿಗೆಯಲ್ಲಿ ನಿಂತ ನೀರಿನಲ್ಲಿ ಏನಾದರೂ ಸತ್ತು ಕೊಳೆತರೆ ಇನ್ನೂ ಅಪಾಯ. ಅದರ ಹುಳ ತಿಂದ ಬಾತಿನ ಕತ್ತು ಜೋತು ಬೀಳುತ್ತದೆ, ತಲೆ ಎತ್ತಲಾಗದೆ ನೀರಿನಲ್ಲೇ ಮುಳುಗಿ ಸಾಯಬಹುದು. ಈಗ ದಡಕ್ಕೆ ಕಲ್ಲು ಕಟ್ಟಿದ್ದೇನೆ, ಇಳಿಯಲು ಒಂದೇ ಕಡೆ ಇಳಿಜಾರು. ಒಂಬತ್ತರಿಂದ ಹನ್ನೊಂದರವರೆಗೆ ಹೊಂಡ, ಆಮೇಲೆ ತಡಿಕೆ ಮುಚ್ಚಿ ಹೊರಗೆ ಮೇಯಲು ಬಿಡುತ್ತೇನೆ. ವಾರಕ್ಕೊಮ್ಮೆ ಕಾಲುಭಾಗ ನೀರು ಗಿಡಗಳಿಗೆ ಬಿಟ್ಟು ಹೊಸ ನೀರು ತುಂಬುತ್ತೇನೆ.

ಮರಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡನೇ ತಂಡಕ್ಕೆ ಕೋಳಿಮರಿಯ ತಿಂಡಿಯನ್ನೇ ಹಾಕಿದ್ದೆ. ಮೂರನೇ ವಾರಕ್ಕೆ ನಾಲ್ಕು ಮರಿಗಳು ಮೊಣಕಾಲು ಊರಿಕೊಂಡು ತೆವಳತೊಡಗಿದವು, ಕಾಲು ಬಿಲ್ಲಿನಂತೆ ಬಾಗಿತ್ತು. ನಿಯಾಸಿನ್ ಎಂಬ ಬಿ ಜೀವಸತ್ವದ ಕೊರತೆ. ಬಾತಿನ ಮರಿಗೆ ಕಿಲೋ ಆಹಾರಕ್ಕೆ ಸುಮಾರು 55 ಮಿಲಿಗ್ರಾಂ ಬೇಕು, ಕೋಳಿಮರಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಕಿಲೋ ಹಿಟ್ಟಿಗೆ ನಿಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ 50 ಗ್ರಾಂ ಬೆರೆಸಿ ಕೊಟ್ಟೆ. ಮೂರು ಮರಿ ಎದ್ದು ನಡೆದವು. ತುಂಬ ಬಾಗಿದ್ದ ನಾಲ್ಕನೆಯದರ ಕಾಲು ಸರಿಯಾಗಲೇ ಇಲ್ಲ. ಬಾತಿನ ಕಾಲು ಮೊದಲೇ ಸೂಕ್ಷ್ಮ. ದೊಡ್ಡದಾದ ಮೇಲೂ ಕೋಳಿಯ ಹಾಗೆ ಕಾಲು ಹಿಡಿದು ಎತ್ತಬಾರದು, ರೆಕ್ಕೆ ಸೇರಿಸಿ ಮೈಯನ್ನೇ ತಬ್ಬಿ ಎತ್ತಬೇಕು.

ಮೊಟ್ಟೆಗೆ ಕೆಸರಿದ್ದರೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ತೀರಾ ಕೊಳಕಾಗಿದ್ದರೆ ಮೊಟ್ಟೆಗಿಂತ ಬೆಚ್ಚಗಿನ ನೀರಲ್ಲಿ ತೊಳೆದು ಅವತ್ತೇ ಬೇಯಿಸುತ್ತೇವೆ. ತಣ್ಣೀರಲ್ಲಿ ತೊಳೆದರೆ ಒಳಗಿನದು ಕುಗ್ಗಿ, ಚಿಪ್ಪಿನ ರಂಧ್ರಗಳಿಂದ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಂಡದಲ್ಲಿ ಸಿಕ್ಕಿದ್ದು ಕೆಟ್ಟಿದ್ದೂ ಇದರಿಂದಲೇ.

ಎರಡು ಬಾತುಗಳು ಮಾತ್ರ ಇವತ್ತಿಗೂ ಒಂಬತ್ತು ದಾಟಿದ ಮೇಲೆಯೇ ಇಡುತ್ತವೆ. ಹನ್ನೊಂದಕ್ಕೆ ತಡಿಕೆ ಮುಚ್ಚುವ ಮುಂಚೆ ಇಳಿಜಾರಿನ ಬುಡದ ನೀರಿಗೆ ಕೈ ಹಾಕಿ ನೋಡುತ್ತೇನೆ, ವಾರಕ್ಕೆ ಮೂರ್ನಾಲ್ಕು ಅಲ್ಲೇ ಸಿಗುತ್ತವೆ.