ಗುರುವಾರದ ಮೀಟಿಂಗಿಗೆ ಗುರುವಾರ ಎದ್ದು ಕೂತು ಪೆಟ್ಟು ತಿಂದಿದ್ದು

2025ರ ಜುಲೈ. ಮಡಿಕೇರಿ ಹತ್ರ ನಮ್ ಮನೇಲೇ ಕೂತು ಕೆಲ್ಸ ಮಾಡೋಕೆ ಶುರು ಮಾಡಿದ್ದೆ, ಟೀಮಲ್ಲಿ ಅರ್ಧ ಜನ ಸ್ಯಾನ್ ಫ್ರಾನ್ಸಿಸ್ಕೋ, ಇಬ್ರು ಸಿಡ್ನಿ, ಇಲ್ಲಿಂದ ನಾನೊಬ್ನೇ. ವಾರದ ಮೀಟಿಂಗ್ ಗುರುವಾರ ಸಂಜೆ 4:30ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದವ್ರ ಟೈಮು ಅಂತ ಮೆಸೇಜ್ ಬಂತು. ಅವ್ರಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ ಅಂತ ಗೊತ್ತಿತ್ತು, ನಾಲ್ಕೂವರೆಗೆ ಹನ್ನೆರಡೂವರೆ ಸೇರ್ಸಿದ್ರೆ ಐದು, ಸಂಜೆ ಇದ್ದಿದ್ದು ಬೆಳಿಗ್ಗೆ ಆಗತ್ತೆ, ಸರಿ ಗುರುವಾರ ಬೆಳಿಗ್ಗೆ 5 ಅಂತ ಅಲಾರಾಂ ಇಟ್ಟು ಮಲಗ್ದೆ.

ಗುರುವಾರ ಬೆಳಿಗ್ಗೆ ಹೊರಗೆ ಧೋ ಅಂತ ಮಳೆ, ಕರೆಂಟಿಲ್ಲ, ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಹಾಕ್ಕೊಂಡು ಇಪ್ಪತ್ತು ನಿಮಿಷ ಒಬ್ನೇ ಕೂತಿದ್ದೆ. ಯಾರೂ ಬರ್ಲಿಲ್ಲ. ಕ್ಯಾನ್ಸಲ್ ಆಗಿರ್ಬೇಕು ಅಂದ್ಕೊಂಡೆ. ಮಾರನೇ ದಿನ ಶುಕ್ರವಾರ ಏಳು ಗಂಟೆಗೆ ಎದ್ದು ಫೋನ್ ನೋಡಿದ್ರೆ "ಎಲ್ಲಿದೀಯ" ಅಂತ ಮೂರು ಮೆಸೇಜು. ನಾನು ಗುರುವಾರ 5ಕ್ಕೆ ಕೂತಿದ್ದಾಗ ಅವ್ರಿಗೆ ಇನ್ನೂ ಬುಧವಾರ ಸಂಜೆ!

ಗಂಟೆ ಸರಿಯಾಗೇ ಇತ್ತು, ವಾರ ತಪ್ಪಿತ್ತು. ಆಮೇಲೆ ಪೇಪರ್ ಮೇಲೆ ಬರ್ದು ನೋಡ್ದಾಗ ಗೊತ್ತಾಯ್ತು, 12 ಗಂಟೆ ಗಡಿಯಾರದಲ್ಲಿ ಲೆಕ್ಕ ಮಾಡಿದ್ದೇ ಎಡವಟ್ಟು. ಅದ್ರಲ್ಲಿ 4:30ಕ್ಕೆ 12:30 ಸೇರ್ಸಿದ್ರೆ ಮುಳ್ಳು ಸುತ್ತು ಹೊಡ್ದು 5ಕ್ಕೆ ನಿಲ್ಲತ್ತೆ, ಮಧ್ಯರಾತ್ರಿ ದಾಟಿದ್ದು ಎಲ್ಲೂ ಕಾಣಲ್ಲ. ಅದೇ ಸಂಜೆ ನಾಲ್ಕೂವರೆನ 16:30 ಅಂತ ಬರೀರಿ, 12:30 ಸೇರ್ಸಿ, 29:00 ಬರತ್ತೆ. 29 ಗಂಟೆ ಅಂತ ಒಂದಿಲ್ಲ ಅಲ್ವಾ, 24 ಕಳೆದ್ರೆ 5, ಕೈಲಿ 1. ಆ ಕೈಲಿರೋ ಒಂದೇ ದಿನ, ಶಾಲೇಲಿ ಕೂಡೋ ಲೆಕ್ಕದಲ್ಲಿ ಪಕ್ಕದ ಮನೆಗೆ ತಗೊಂಡು ಹೋಗ್ತಿದ್ವಲ್ಲ ಹಾಗೇ ಇದನ್ನ ವಾರಕ್ಕೆ ಸೇರಿಸ್ಬೇಕು: ಗುರುವಾರ ಹೋಗಿ ಶುಕ್ರವಾರ, ಬೆಳಿಗ್ಗೆ 5.

ಉಲ್ಟಾ ಹೋಗೋವಾಗ ಸಾಲ ತಗೋಬೇಕು. ನಾನು ಶುಕ್ರವಾರ ಬೆಳಿಗ್ಗೆ 9ಕ್ಕೆ ಕಾಲ್ ಮಾಡ್ತೀನಿ ಅಂದ್ರೆ ಅಲ್ಲಿ ಎಷ್ಟು? 9:00ರಲ್ಲಿ 12:30 ಕಳೆದ್ರೆ ಸೊನ್ನೆಗಿಂತ ಮೂರೂವರೆ ಗಂಟೆ ಕೆಳಗೆ ಹೋಗತ್ತೆ, 24 ಸಾಲ ತಂದ್ರೆ 20:30, ಸಾಲ ತಂದಿದ್ದಕ್ಕೆ ಒಂದು ದಿನ ಹಿಂದೆ. ಗುರುವಾರ ರಾತ್ರಿ ಎಂಟೂವರೆ.

ನಮ್ ಮಾತೇ ಇದ್ರಲ್ಲಿ ಸ್ವಲ್ಪ ಮೋಸ ಮಾಡತ್ತೆ ಅನ್ಸತ್ತೆ ನಂಗೆ. ತಲಕಾವೇರಿಲಿ ತೀರ್ಥೋದ್ಭವ ಕೆಲವು ವರ್ಷ ಮಧ್ಯರಾತ್ರಿ ದಾಟಿ ಬೀಳತ್ತೆ, ಆಗ ಮನೇಲಿ "17ರ ರಾತ್ರಿ" ಅಂತಾರೆ, ಫೋನಲ್ಲಿ 18 ಆಗಿರತ್ತೆ. ಬೆಳಗಾಗೋವರೆಗೂ ನಮಗೆ ಹಿಂದಿನ ದಿನವೇ. ಮನೆಯವ್ರ ಜೊತೆ ಇದು ನಡಿಯತ್ತೆ, ಸಿಡ್ನಿಯವ್ನಿಗೆ "ಗುರುವಾರ ರಾತ್ರಿ ಹನ್ನೆರಡೂವರೆ" ಅಂದ್ರೆ ಅವ್ನು ಒಂದಿಡೀ ದಿನ ಆಚೀಚೆ ಹೋಗ್ತಾನೆ. ಅದಕ್ಕೆ ನಾನೀಗ ರಾತ್ರಿ ಅನ್ನೋ ಪದ ಬಿಟ್ಟು ವಾರ, ತಾರೀಕು, ಗಂಟೆ ಮೂರನ್ನೂ ಬರೀತೀನಿ.

ಮೂರು ಊರು ಅಂದ್ಮೇಲೆ ಎರಡೆರಡು ಊರಿನ ವ್ಯತ್ಯಾಸ ನೆನಪಿಡೋದು ತಲೆನೋವು, ಎಲ್ಲಾ ದೇಶದ ಗಡಿಯಾರನೂ ಅಳೆಯೋ ಯುಟಿಸಿ ಅನ್ನೋ ಟೈಮನ್ನ ನಡುವೆ ಇಟ್ಕೊಂಡ್ರೆ ಊರಿಗೊಂದೇ ನಂಬರ್ ಸಾಕು. ಜುಲೈಲಿ ಸ್ಯಾನ್ ಫ್ರಾನ್ಸಿಸ್ಕೋ ಯುಟಿಸಿಗಿಂತ 7 ಗಂಟೆ ಹಿಂದೆ, ನಾವು ಐದೂವರೆ ಮುಂದೆ, ಸಿಡ್ನಿ 10 ಮುಂದೆ. 16:30ಕ್ಕೆ 7 ಸೇರ್ಸಿದ್ರೆ ಯುಟಿಸಿ 23:30, ಇನ್ನೂ ಗುರುವಾರವೇ. ಅದಕ್ಕೆ 10 ಸೇರ್ಸಿದ್ರೆ 33:30, ಅಂದ್ರೆ ಸಿಡ್ನಿಲಿ ಶುಕ್ರವಾರ ಬೆಳಿಗ್ಗೆ 9:30. ಮಧ್ಯದಲ್ಲಿ 24 ಕಳೀಬೇಡಿ, ಕೊನೇಲಿ ಒಂದೇ ಸಲ ಕಳೀರಿ, ಇಲ್ಲಾಂದ್ರೆ ಕೈಲಿದ್ದ ದಿನ ಎಲ್ಲೋ ಬಿದ್ದು ಹೋಗತ್ತೆ. ಕೂಡೋದು ಕಳೆಯೋದು ಅದಲುಬದಲಾಯ್ತಾ ಅಂತ ಡೌಟ್ ಬಂದ್ರೆ, ಉತ್ತರದಲ್ಲಿ ಸಿಡ್ನಿ ಎಲ್ಲರಿಗಿಂತ ಮುಂದಿರ್ಬೇಕು, ಆಮೇಲೆ ನಾವು, ಕೊನೇಗೆ ಅಮೆರಿಕ. ಹಾಗಿಲ್ಲಾಂದ್ರೆ ಎಲ್ಲೋ ತಪ್ಪಿದೆ.

ಆಮೇಲೆ ಸ್ಪ್ರೆಡ್‌ಶೀಟ್‌ಗೆ ಹಾಕ್ದೆ. A2ನಲ್ಲಿ ಅವ್ರ ತಾರೀಕು ಮತ್ತೆ ಟೈಮು ಒಟ್ಟಿಗೆ, B2ನಲ್ಲಿ 12.5, ಅಷ್ಟೇ:

```
=A2+B2/24
```

ಶೀಟಲ್ಲಿ ಒಂದು ದಿನ ಅಂದ್ರೆ 1, ಅದಕ್ಕೇ ಗಂಟೆನ 24ರಿಂದ ಭಾಗ ಮಾಡೋದು. ಉತ್ತರದ ಸೆಲ್‌ಗೆ `ddd dd-mmm hh:mm` ಫಾರ್ಮ್ಯಾಟ್ ಕೊಟ್ರೆ ವಾರನೂ ಕಾಣತ್ತೆ, ತಿಂಗಳ ಕೊನೆ ಬಂದ್ರೂ ಅದೇ ನೋಡ್ಕೊಳತ್ತೆ. ಇಲ್ಲೂ ಎಡವಿದೀನಿ. ಮೊದಲ್ನೇ ಸಲ 12.30 ಅಂತ ಹೊಡ್ದೆ, ಉತ್ತರ 04:48 ಬಂತು, ಯಾಕಂದ್ರೆ .30 ಅಂದ್ರೆ ಗಂಟೆಯ ನೂರರಲ್ಲಿ ಮೂವತ್ತು ಭಾಗ, ಅಂದ್ರೆ ಬರೀ 18 ನಿಮಿಷ. ನಿಮಿಷ ಹೀಗೆ ವಿಚಿತ್ರವಾಗಿ ಬಂದ್ರೆ ಮೊದ್ಲು ಅದನ್ನೇ ನೋಡಿ. ಇನ್ನೊಂದು, ತಾರೀಕು ಬಿಟ್ಟು ಬರೀ 16:30 ಹಾಕಿದ್ರೆ 05:00 ಅಂತ ಚಂದ ತೋರ್ಸತ್ತೆ, ದಿನ ಬದಲಾಗಿದ್ದು ಹೇಳೋದೇ ಇಲ್ಲ, ನಾನು ಮಳೇಲಿ ಕೂತಿದ್ದ ತಪ್ಪನ್ನೇ ಅದೂ ಮಾಡತ್ತೆ. ತಾರೀಕಿಲ್ದೆ ಉಲ್ಟಾ ಕಳೆದ್ರೆ ಎಕ್ಸೆಲ್‌ನಲ್ಲಿ `#####` ಬರತ್ತೆ, ಅದು ವಾಸಿ, ಏನೋ ತಪ್ಪಿದೆ ಅಂತಾದ್ರೂ ಗೊತ್ತಾಗತ್ತೆ.

ಎಲ್ಲಾ ಸರಿ ಹೋಯ್ತು ಅನ್ನೋವಾಗ ಅಕ್ಟೋಬರ್ ಬಂತು. ಅಕ್ಟೋಬರ್ 5ಕ್ಕೆ ಸಿಡ್ನಿಯವ್ರು ಬೇಸಿಗೆ ಟೈಮಿಗೆ ಅಂತ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದ್ರು, ಅವ್ರಿಗೆ ಮೀಟಿಂಗ್ 10:30ಕ್ಕೆ ಹೋಯ್ತು, ನಂಗೇನೂ ಬದಲಾಗ್ಲಿಲ್ಲ. ನವೆಂಬರ್ 2ಕ್ಕೆ ಅಮೆರಿಕದವ್ರು ಒಂದು ಗಂಟೆ ಹಿಂದೆ ಹೋದ್ರು, ಯುಟಿಸಿಗಿಂತ 8 ಹಿಂದೆ ಆಯ್ತು, ಆಗ ನಂಗೆ 12.5 ಅಲ್ಲ 13.5, ಮೀಟಿಂಗ್ ಬೆಳಿಗ್ಗೆ 6ಕ್ಕೆ, ಸಿಡ್ನಿಗೆ 11:30. "ನಮ್ ಗಡಿಯಾರ ಯಾರೂ ಮುಟ್ಟಿಲ್ವಲ್ಲ, ನಿಂದ್ಯಾಕೆ ಟೈಮ್ ಬದಲಾಯ್ತು?" ಅಂತ ಅಮ್ಮ ಕೇಳಿದ್ರು. ಮೀಟಿಂಗ್‌ನ ಗೂಟ ಹೊಡ್ದಿರೋದು ಸ್ಯಾನ್ ಫ್ರಾನ್ಸಿಸ್ಕೋ 16:30ಕ್ಕೆ, ಗೂಟ ಅಲುಗಿದ್ರೆ ಹಗ್ಗದ ಈ ತುದೀಲಿರೋ ನಾವೂ ಅಲುಗ್ತೀವಿ.

ಅದಕ್ಕೇ ಈಗ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕೋವಾಗ `America/Los_Angeles` ಅಂತ ಊರಿನ ಹೆಸ್ರು ಆರಿಸ್ತೀನಿ, ಸ್ಯಾನ್ ಫ್ರಾನ್ಸಿಸ್ಕೋಗೂ ಅದೇ ಟೈಮು, ಗಡಿಯಾರ ತಿರುಗ್ಸೋ ದಿನ ಕ್ಯಾಲೆಂಡರ್‌ಗೇ ಗೊತ್ತಿರತ್ತೆ. ಬರೀ `PST` ಅಂತ ಬರೆಯೋರು ಜಾಸ್ತಿ, ಬೇಸಿಗೇಲೂ ಅದನ್ನೇ ಬರೀತಾರೆ, ಆದ್ರೆ ಅದು ಚಳಿಗಾಲದ 8 ಗಂಟೆ ಲೆಕ್ಕ, ಬೇಸಿಗೇದು `PDT`, ಹಾಗೇ ನಂಬಿದ್ರೆ ಒಂದು ಗಂಟೆ ಲೇಟು.

ಇನ್ನೊಂದು ನಂಗೆ ಲೇಟಾಗಿ ಹೊಳೀತು. ಅಮೆರಿಕದವ್ರ ಶುಕ್ರವಾರ ಸಂಜೆ ನಮಗೆ ಶನಿವಾರ, ಸಿಡ್ನಿಯ ಸೋಮವಾರ ಬೆಳಿಗ್ಗೆ ಅವ್ರಿಗೆ ಭಾನುವಾರ. ಹಾಗಾಗಿ ಈ ಹೊತ್ತಲ್ಲಿ ಮೂರೂ ಊರು ಸೇರೋಕೆ ವಾರದಲ್ಲಿ ನಾಲ್ಕೇ ದಿನ, ಅಲ್ಲಿ ಸೋಮದಿಂದ ಗುರುವಾರ, ಇಲ್ಲಿ ಮಂಗಳದಿಂದ ಶುಕ್ರವಾರ. ಮೊನ್ನೆ ಹೊಸಬರೊಬ್ರು ಶುಕ್ರವಾರ 16:30ಕ್ಕೆ ಒಂದು ಮೀಟಿಂಗ್ ಹಾಕಿದ್ರು. ನಾನು ಬೈಯ್ಲಿಲ್ಲ, ಶೀಟಲ್ಲಿ ಆ ಸಾಲಿನ ಫೋಟೋ ತೆಗ್ದು ಕಳಿಸ್ದೆ, ಮೂರು ಸೆಲ್‌ನಲ್ಲಿ ಎರಡು `Sat` ನೋಡಿ ಅವ್ರೇ ಗುರುವಾರಕ್ಕೆ ಬದಲಾಯ್ಸಿದ್ರು.