ಅಮೆರಿಕದ ಆಸ್ಪತ್ರೆ ಆ್ಯಪ್: ಗುರುತಿನ ಪರೀಕ್ಷೆಯಿಂದ ಸಹಿಯವರೆಗೆ

ಅಮೆರಿಕಕ್ಕೆ ಈಗಷ್ಟೇ ಬಂದಿದ್ದೀರಿ, ಡಾಕ್ಟರ್ ಬೇಕಾಗಿದೆ. ಇಲ್ಲಿನ ಎಷ್ಟೋ ದೊಡ್ಡ ಆಸ್ಪತ್ರೆಗಳು MyChart ಎಂಬ ಆ್ಯಪ್ ಬಳಸುತ್ತವೆ. ಆ್ಯಪ್ ಒಂದೇ ಆದರೂ ಖಾತೆ ಆಯಾ ಆಸ್ಪತ್ರೆಯದು. ಹಾಗಾಗಿ ಮೊದಲು ನಿಮ್ಮ ವಿಮೆ ಯಾವ ಕ್ಲಿನಿಕ್‌ಗೆ ನಡೆಯುತ್ತದೆ ಅಂತ ವಿಮಾ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ, ಆಮೇಲೆ ಆ ಆಸ್ಪತ್ರೆಯಲ್ಲೇ ಖಾತೆ ತೆರೆಯಿರಿ.

ಹೊಸಬರು ಸಿಕ್ಕಿಕೊಳ್ಳುವುದು ಗುರುತಿನ ಪರೀಕ್ಷೆಯ ಪರದೆಯಲ್ಲಿ. ಹೆಸರು, ಹುಟ್ಟಿದ ದಿನ, ವಿಳಾಸ, ಕೆಲವೊಮ್ಮೆ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ 4 ಅಂಕಿ ಕೇಳುತ್ತದೆ. ಆಮೇಲೆ ಹಳೆಯ ವಿಳಾಸ, ಸಾಲದ ಬಗ್ಗೆ ಪ್ರಶ್ನೆ ಬರಬಹುದು. ಇವು ಸಾಮಾನ್ಯವಾಗಿ ಕ್ರೆಡಿಟ್ ದಾಖಲೆಯಿಂದ ಬರುವಂಥವು. ನಿಮಗೆ ಇಲ್ಲಿ ಇನ್ನೂ ಕ್ರೆಡಿಟ್ ಇತಿಹಾಸವೇ ಇಲ್ಲ, ಅಲ್ವಾ? ಹಾಗಾಗಿ ಎಲ್ಲ ಸರಿಯಾಗಿ ತುಂಬಿದರೂ ‘ಗುರುತು ಖಚಿತವಾಗಲಿಲ್ಲ’ ಎಂದು ಬರಬಹುದು. ಇದಕ್ಕೂ ವೀಸಾಗೂ ಸಂಬಂಧವಿಲ್ಲ, ಹೆದರಬೇಡಿ. ಮತ್ತೆ ಮತ್ತೆ ಪ್ರಯತ್ನಿಸಿದರೆ ಖಾತೆ ಲಾಕ್ ಆಗಬಹುದು, ಅಷ್ಟೇ. ಸುಮ್ನೆ ಕ್ಲಿನಿಕ್‌ಗೆ ಫೋನ್ ಮಾಡಿ, ಹೊಸ ರೋಗಿಯಾಗಿ ಹೆಸರು ಬರೆಸಿ. ಮೊದಲ ಅಪಾಯಿಂಟ್‌ಮೆಂಟನ್ನೂ ಅದೇ ಕರೆಯಲ್ಲಿ ತೆಗೆದುಕೊಳ್ಳಿ. ಕೊನೆಯಲ್ಲಿ ‘ಆ್ಯಕ್ಟಿವೇಶನ್ ಕೋಡ್’ ಕೇಳಿ. ಕೋಡ್ ಸಿಕ್ಕರೆ ಆ ಪ್ರಶ್ನೆಗಳ ಗೊಡವೆ ಇರುವುದಿಲ್ಲ.

ಹೆಸರಿನ ವಿಷಯ ಮಾತ್ರ ನಮ್ಮವರಿಗೆ ಜಾಸ್ತಿ ಕಾಡುತ್ತದೆ. ಪಾಸ್‌ಪೋರ್ಟ್‌ನಲ್ಲಿ ಬರೀ ‘ರಮೇಶ’ ಎಂದು ಒಂದೇ ಹೆಸರಿದೆ ಅಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ FNU, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬರುತ್ತದೆ. ಕಂಪನಿಯವರು ವಿಮೆಗೆ ಕೊಡುವಾಗ ಅಪ್ಪನ ಹೆಸರನ್ನೋ ಇನಿಷಿಯಲನ್ನೋ ಸೇರಿಸಿರಬಹುದು. ಈಗ ಒಬ್ಬನೇ ಮನುಷ್ಯ ಎರಡು ಹೆಸರಲ್ಲಿ ಇದ್ದಾನೆ. ಆಸ್ಪತ್ರೆಯಲ್ಲಿ ಎರಡು ಫೈಲ್ ಆಗಬಹುದು, ಇಲ್ಲವೇ ಹೆಸರು ವಿಮೆಯ ದಾಖಲೆಗೆ ತಾಳೆಯಾಗದೆ ಹೋಗಬಹುದು. ವಿಮಾ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ಆಸ್ಪತ್ರೆಯಲ್ಲಿ ಬರೆಸಿ. ಕಾರ್ಡಿನಲ್ಲೇ ತಪ್ಪಿದ್ದರೆ ಮೊದಲು ಕಂಪನಿಯ ಎಚ್‌ಆರ್ ಹತ್ತಿರ ತಿದ್ದಿಸಿ. ಇನ್ನೊಂದು, ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 4ಕ್ಕೆ 07/04 ಎಂದು ಬರೆಯಬೇಕು. 04/07 ಎಂದರೆ ಏಪ್ರಿಲ್ 7 ಆಯಿತು, ಆ್ಯಪ್ ತಪ್ಪು ಅಂತಲೂ ಹೇಳುವುದಿಲ್ಲ.

ಲಾಗಿನ್ ಆಗುವಾಗ ಬರುವ ಕೋಡ್‌ಗೆ ಗಂಡ-ಹೆಂಡತಿ ಇಬ್ಬರಿಗೂ ಒಂದೇ ಫೋನ್ ನಂಬರ್ ಕೊಡಬೇಡಿ. ಕೋಡ್ ಬೇಕಾದ ಹೊತ್ತಿಗೆ ಫೋನ್ ಇನ್ನೊಬ್ಬರ ಆಫೀಸಿನಲ್ಲಿರುತ್ತದೆ.

ಅಪಾಯಿಂಟ್‌ಮೆಂಟ್ ಸಿಕ್ಕ ಮೇಲೆ, ಕ್ಲಿನಿಕ್‌ಗೆ ಹೋಗುವ ಕೆಲವು ದಿನ ಮುಂಚೆ ಚೆಕ್-ಇನ್ ಮಾಡಿ ಎಂದು ಆ್ಯಪ್ ಹೇಳುತ್ತದೆ. ಸಹಿಯ ಪರದೆಗಳು ಅಲ್ಲಿ ಸಾಲಾಗಿ ಬರುತ್ತವೆ. ಎಲ್ಲವೂ ಒಂದೇ ತರ ಕಾಣುತ್ತವೆ, ಆದರೆ ತೂಕ ಬೇರೆ ಬೇರೆ.

‘Notice of Privacy Practices’ ಎಂಬುದು ಹಗುರ. ನಿಮ್ಮ ಮಾಹಿತಿಯನ್ನು ಅವರು ಹೇಗೆ ಬಳಸುತ್ತಾರೆ ಎಂಬ ಪತ್ರ ಸಿಕ್ಕಿದೆ ಅಂತ ಹೇಳುವುದಕ್ಕಷ್ಟೇ ಈ ಸಹಿ. ಹಾಕದಿದ್ದರೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ‘Consent to Treat’ ಎಂದರೆ ಪರೀಕ್ಷೆ, ರಕ್ತ ತೆಗೆಯುವುದು ಇಂಥ ಸಾಮಾನ್ಯ ಚಿಕಿತ್ಸೆಗೆ ಒಪ್ಪಿಗೆ. ಆಪರೇಷನ್ ಏನಾದರೂ ಇದ್ದರೆ ಬೇರೆ ಸಹಿ ಕೇಳುತ್ತಾರೆ.

ನಿಧಾನವಾಗಿ ಓದಬೇಕಾದದ್ದು ‘Financial Responsibility’. ವಿಮೆ ಕೊಡದ ಹಣವನ್ನು ನೀವು ಕಟ್ಟುತ್ತೀರಿ ಎಂದು ಅದರಲ್ಲಿರುತ್ತದೆ. ಇದನ್ನು ತಪ್ಪಿಸಿಕೊಳ್ಳುವುದು ಕಷ್ಟ, ಬಹುತೇಕ ಕ್ಲಿನಿಕ್‌ಗಳು ಸಹಿ ಇಲ್ಲದೆ ಮುಂದೆ ಬಿಡುವುದಿಲ್ಲ. ಅದಕ್ಕೇ ಸಹಿಗೆ ಮುಂಚೆ ಒಂದು ಪರೀಕ್ಷೆ ಮಾಡಿ: ಅದೇ ಆ್ಯಪ್‌ನಲ್ಲಿ ವಿಮೆಯ ವಿವರ ಇದೆಯಾ, ಮೆಂಬರ್ ಐಡಿ ಕಾರ್ಡಿನಂತೆಯೇ ಇದೆಯಾ? ಆ ಜಾಗ ಖಾಲಿ ಇದ್ದರೆ ಬಿಲ್ ಪೂರ್ತಿ ನಿಮ್ಮ ಹೆಸರಿಗೇ ಬರಬಹುದು.

ಇವೆಲ್ಲದರ ನಡುವೆ ಮೆಲ್ಲಗೆ ನುಸುಳುವ ಪರದೆ ಒಂದಿದೆ. ‘I authorize’ ಎಂದು ಶುರುವಾಗಿ, ನಿಮ್ಮ ಆರೋಗ್ಯದ ಮಾಹಿತಿ ಬಳಸಿ ನಿಮಗೆ ತಕ್ಕ ಜಾಹೀರಾತು, ಸಂದೇಶ ತೋರಿಸುತ್ತೇವೆ ಎನ್ನುತ್ತದೆ. ಕೆಲವು ಕ್ಲಿನಿಕ್‌ಗಳಲ್ಲಿ ಚೆಕ್-ಇನ್ ಕೆಲಸ ಬೇರೆ ಕಂಪನಿಯದು, ಇದು ಅವರಿಗಾಗಿ ಕೇಳುವ ಒಪ್ಪಿಗೆ. ಜಾಹೀರಾತಿಗೆ ಒಪ್ಪಿದರೆ ಮಾತ್ರ ಚಿಕಿತ್ಸೆ ಎನ್ನಲು ಆರೋಗ್ಯದ ಮಾಹಿತಿಯ ಗೌಪ್ಯತೆ ಕಾಯುವ ಇಲ್ಲಿನ HIPAA ಕಾನೂನು ಬಿಡುವುದಿಲ್ಲ. ದೊಡ್ಡ ಬಣ್ಣದ ಬಟನ್ ಒಪ್ಪಿಗೆಯದು. ಬೇಡ ಎನ್ನುವುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರಬಹುದು, ಹುಡುಕಿ. ನಾನಾದರೆ ಪ್ರತಿ ಸಲ ಬೇಡ ಎಂದೇ ಒತ್ತುತ್ತೇನೆ. ಒಪ್ಪಿಬಿಟ್ಟಿದ್ದರೂ ಬರಹದಲ್ಲಿ ತಿಳಿಸಿ ವಾಪಸ್ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಹೋದ ಮಾಹಿತಿ ಮಾತ್ರ ಹೋದಂತೆಯೇ.

ಮಕ್ಕಳಿಗೆ ಬೇರೆ ಖಾತೆ ತೆರೆಯಬೇಡಿ. ನಿಮ್ಮ ಖಾತೆಯಿಂದಲೇ ಅವರ ದಾಖಲೆ ನೋಡುವ ಅನುಮತಿ, ಅಂದರೆ ‘Proxy Access’ ಕೇಳಿ. ಮಗು ಹದಿಹರೆಯಕ್ಕೆ ಬಂದ ಮೇಲೆ ಕೆಲವು ವಿವರ ನಿಮಗೆ ಕಾಣದೆ ಹೋಗಬಹುದು. ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ, ಆ ವಯಸ್ಸಿನ ಗೌಪ್ಯತೆಗೆ ಆಯಾ ರಾಜ್ಯದ ಕಾನೂನೇ ಬೇರೆ ಇದೆ.