ಫೆರಿಟಿನ್ ಜಾಸ್ತಿ ಇದ್ದವರೆಲ್ಲರ ರಕ್ತ ತೆಗೆಯಬೇಕಿಲ್ಲ

ಜಯನಗರದ ನನ್ನ ಕ್ಲಿನಿಕ್ಕಿಗೆ ಹೆಲ್ತ್ ಚೆಕಪ್ ಪ್ಯಾಕೇಜಿನ ರಿಪೋರ್ಟ್ ಹಿಡಿದು ಬರುವವರಲ್ಲಿ, ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ 500, 600 ಇರುವವರು ಕಡಿಮೆಯೇನಲ್ಲ. ಅವರಲ್ಲಿ ಬಹುಪಾಲು ಜನರಿಗೆ ದೇಹದಲ್ಲಿ ಕಬ್ಬಿಣ ತುಂಬಿರುವುದಿಲ್ಲ. ಹೊಟ್ಟೆ ಸುತ್ತ ಬೊಜ್ಜು, ಲಿವರಿನಲ್ಲಿ ಕೊಬ್ಬು, ವಾರಾಂತ್ಯದ ಕುಡಿತ, ಇಲ್ಲವೇ ಈಚೆಗೆ ಬಂದುಹೋದ ಜ್ವರ, ಇವುಗಳಲ್ಲಿ ಯಾವುದೋ ಒಂದು ಸಿಗುತ್ತದೆ. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಹಾಗಾಗಿ ಆ ಒಂದು ಸಂಖ್ಯೆ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೇಳುತ್ತೇನೆ.

ಟ್ರಾನ್ಸ್‌ಫೆರಿನ್ ಅನ್ನುವುದು ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಪ್ರೋಟೀನ್. ರೋಗಿಗಳಿಗೆ ಬಿಎಂಟಿಸಿ ಬಸ್ಸು ತೋರಿಸಿ ಹೇಳುತ್ತೇನೆ: ಫೆರಿಟಿನ್ ಎಂದರೆ ಡಿಪೋದಲ್ಲಿ ಎಷ್ಟಿದೆ ಎಂಬ ಅಂದಾಜು, ಸ್ಯಾಚುರೇಶನ್ ಎಂದರೆ ಓಡುತ್ತಿರುವ ಬಸ್ಸಿನಲ್ಲಿ ಎಷ್ಟು ಸೀಟು ಭರ್ತಿಯಾಗಿದೆ ಎಂಬ ಲೆಕ್ಕ. ಆರೋಗ್ಯವಂತರಲ್ಲಿ ಸುಮಾರು ಮೂರನೇ ಒಂದು ಭಾಗ ತುಂಬಿರುತ್ತದೆ. ಶೇ 45 ದಾಟಿದರೆ ಅನುಮಾನ ಶುರು. ಸೀಟೆಲ್ಲ ತುಂಬುತ್ತಾ ಬಂದರೆ ಮಿಕ್ಕ ಕಬ್ಬಿಣ ಯಾವುದಕ್ಕೂ ಅಂಟಿಕೊಳ್ಳದೆ ಲಿವರ್, ಹೃದಯ, ಮೇದೋಜೀರಕ ಗ್ರಂಥಿಗಳ ಒಳಗೆ ನುಗ್ಗುತ್ತದೆ. ಹಾನಿ ಮಾಡುವುದು ಅದೇ. ಜೀನಿನ ದೋಷದಿಂದ ಹೀಗೆ ಕಬ್ಬಿಣ ತುಂಬುವ ಕಾಯಿಲೆಗೆ ಹೀಮೋಕ್ರೊಮಟೋಸಿಸ್ ಎನ್ನುತ್ತೇವೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ಪೀಣ್ಯದಲ್ಲಿ ಮೆಷಿನ್ ಶಾಪ್ ನಡೆಸುವ 46 ವರ್ಷದವರು. ತೆಳ್ಳಗಿನ ಮೈ, ಕುಡಿತವಿಲ್ಲ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಸುಸ್ತು. ನನ್ನ ಕಣ್ಣಿಗೆ ಬಿದ್ದದ್ದು ಅವರ ಕೈ. ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಎರಡೂ ಕೈಯಲ್ಲಿ ಊದಿಕೊಂಡಿದ್ದವು, ಮುಷ್ಟಿ ಪೂರ್ತಿ ಕಟ್ಟಲು ಆಗುತ್ತಿರಲಿಲ್ಲ. ಲೇತ್ ಕೆಲಸದ ನೋವು ಎಂದುಕೊಂಡಿದ್ದರು. ಆದರೆ ಉಳಿದ ಬೆರಳುಗಳನ್ನು ಬಿಟ್ಟು ಆ ಎರಡು ಗೆಣ್ಣುಗಳೇ ಹಿಡಿದುಕೊಳ್ಳುವುದು, ಅದೂ ತೆಳ್ಳಗಿನವರಿಗೆ ಸಕ್ಕರೆ ಕಾಯಿಲೆ ಬಂದಿರುವುದು, ಎರಡೂ ಕೂಡಿದಾಗ ಕಬ್ಬಿಣದ ಕಡೆ ನೋಡಲೇಬೇಕು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೇಳಿದೆ. ಕಬ್ಬಿಣದ ಟಾನಿಕ್, ಮಲ್ಟಿವಿಟಮಿನ್ ಇದ್ದರೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಸ್ಯಾಚುರೇಶನ್ ಸುಳ್ಳು ಹೇಳುತ್ತದೆ. ಸೀರಂ ಕಬ್ಬಿಣ 212, ಒಟ್ಟು ಹೊರುವ ಸಾಮರ್ಥ್ಯ 248 ಬಂತು. 212ನ್ನು 248ರಿಂದ ಭಾಗಿಸಿದರೆ ಶೇ 85. ಫೆರಿಟಿನ್ 1,860. ಮತ್ತೊಂದು ಸಲ ಮಾಡಿಸಿದಾಗಲೂ ಹೆಚ್ಚು ಕಡಿಮೆ ಅಷ್ಟೇ.

ಇಲ್ಲಿ ಒಂದು ಹೆಜ್ಜೆ ಬಿಡಬಾರದು. ನಮ್ಮಲ್ಲಿ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಕಾಯಿಲೆಯ ಮಧ್ಯಮ ರೂಪ ಇರುವವರಲ್ಲೂ ಕಬ್ಬಿಣ ಹೀಗೇ ತುಂಬುತ್ತದೆ, ಒಮ್ಮೆಯೂ ರಕ್ತ ಹಾಕಿಸಿಕೊಳ್ಳದಿದ್ದರೂ. ಮೊದಲೇ ಹಿಮೋಗ್ಲೋಬಿನ್ ಕಡಿಮೆ ಇರುವ ಅಂಥವರಿಗೆ ರಕ್ತ ತೆಗೆಯುವ ದಾರಿ ನಡೆಯುವುದಿಲ್ಲ, ಕಬ್ಬಿಣ ಹೊರಹಾಕುವ ಮಾತ್ರೆ ಬೇಕು. ಇವರದು 14.5 ಇತ್ತು, ಹಿಮೋಗ್ಲೋಬಿನ್ ವಿಂಗಡಿಸುವ ಪರೀಕ್ಷೆಯೂ ಸರಿಯಿತ್ತು.

ಎಂಆರ್‌ಐನಲ್ಲಿ ಲಿವರಿನಲ್ಲಿ ಕಬ್ಬಿಣ ಬಹಳವೇ ಕಂಡಿತು. ಹೃದಯದ ಟಿ2 ಸ್ಟಾರ್ ಅಳತೆ 28 ಮಿಲಿಸೆಕೆಂಡ್. 20ಕ್ಕಿಂತ ಕೆಳಗಿಳಿದರೆ ಹೃದಯದಲ್ಲೂ ಕಬ್ಬಿಣ ಸೇರಿದೆ ಎಂದರ್ಥ, ಸದ್ಯ ಅದು ಆಗಿರಲಿಲ್ಲ. ಫೆರಿಟಿನ್ 1,000 ದಾಟಿದವರಲ್ಲಿ ಲಿವರ್ ಗಟ್ಟಿಯಾಗಿರುವ ಭಯ ಇರುವುದರಿಂದ ಫೈಬ್ರೋಸ್ಕ್ಯಾನ್ ಕೂಡ ಮಾಡಿಸಿದೆವು. ಸಿರೋಸಿಸ್ ಮಟ್ಟಕ್ಕೆ ಹೋಗಿರಲಿಲ್ಲ.

ಜೀನ್ ಪರೀಕ್ಷೆಯಲ್ಲಿ ಪಾಶ್ಚಾತ್ಯ ಪುಸ್ತಕ ಓದಿದವರು ಮೊದಲು ಹುಡುಕುವುದು ಎಚ್‌ಎಫ್‌ಇ ಜೀನಿನ ಸಿ282ವೈ ಬದಲಾವಣೆ. ಉತ್ತರ ಯೂರೋಪಿನ ಮೂಲದವರಲ್ಲಿ ಅದು ಸಾಮಾನ್ಯ, ನಮ್ಮವರಲ್ಲಿ ತೀರಾ ಅಪರೂಪ. ಅದು ಇಲ್ಲ ಎಂಬ ಒಂದೇ ರಿಪೋರ್ಟ್ ನೋಡಿ ಕಾಯಿಲೆಯೇ ಇಲ್ಲ ಎಂದು ಕಳಿಸಿಬಿಡುವುದು ಬೆಂಗಳೂರಿನಲ್ಲಿ ದೊಡ್ಡ ತೊಡಕು. ಇವರ ತಂದೆ ತಾಯಿ ಸೋದರಮಾವ, ಅಕ್ಕನ ಮಗಳು. ಇಂಥ ಸಂಬಂಧದ ಮದುವೆಯಲ್ಲಿ ಒಂದೇ ಅಪರೂಪದ ಕೆಟ್ಟ ಜೀನ್ ಎರಡೂ ಕಡೆಯಿಂದ ಮಗುವಿಗೆ ಬರಬಹುದು. ಹಾಗಾಗಿ ನಾನು ಇತರ ಜೀನುಗಳೂ ಇರುವ ಪ್ಯಾನೆಲ್ ಬರೆದೆ. ಟಿಎಫ್‌ಆರ್2 ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ಈ ಜೀನ್ ಕೆಲಸ ಮಾಡದಿದ್ದರೆ ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂಬುದು ಲಿವರಿಗೆ ತಿಳಿಯುವುದಿಲ್ಲ, ಹೆಪ್ಸಿಡಿನ್ ಹಾರ್ಮೋನು ಸಾಕಷ್ಟು ಹುಟ್ಟುವುದಿಲ್ಲ, ಕರುಳು ಬೇಕಿಲ್ಲದಿದ್ದರೂ ಕಬ್ಬಿಣ ಹೀರುತ್ತಲೇ ಹೋಗುತ್ತದೆ. ಹೆಚ್ಚಾದದ್ದನ್ನು ಹೊರಗೆ ಹಾಕಲು ನಮ್ಮ ದೇಹಕ್ಕೆ ದಾರಿಯೇ ಇಲ್ಲ.

ಅದಕ್ಕೇ ರಕ್ತ ತೆಗೆಯುವುದು. "ಎಲ್ಲರಿಗೂ ರಕ್ತ ಕಮ್ಮಿ ಅಂತ ಟಾನಿಕ್ ಬರೀತಾರೆ, ನೀವು ಇವರದ್ದು ತೆಗೀತೀನಿ ಅಂತೀರಲ್ಲ ಡಾಕ್ಟ್ರೇ" ಅಂದರು ಅವರ ಹೆಂಡತಿ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. 350 ಮಿಲಿ ಚೀಲದಲ್ಲಿ, 14.5ರ ಹಿಮೋಗ್ಲೋಬಿನ್ ಇದ್ದರೆ, ಸುಮಾರು 50 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಗ್ರಾಮಿಗೆ 3.4 ಮಿಲಿಗ್ರಾಂ ಕಬ್ಬಿಣ. ಒಂದು ಚೀಲಕ್ಕೆ 170 ಮಿಲಿಗ್ರಾಂ ಹೊರಹೋಯಿತು. ಊಟದಿಂದ ದಿನಕ್ಕೆ ಒಳಗೆ ಬರುವುದು ಕೆಲವೇ ಮಿಲಿಗ್ರಾಂ. ಆದ್ದರಿಂದ ರಾಗಿಮುದ್ದೆ, ಸೊಪ್ಪಿನ ಸಾರು, ಕಬ್ಬಿಣದ ಕಾವಲಿಯ ದೋಸೆ ಯಾವುದನ್ನೂ ಬಿಡಿಸಲಿಲ್ಲ. ಬಿಡಿಸಿದ್ದು ವಿಟಮಿನ್ ಸಿ ಮಾತ್ರೆಯೊಂದನ್ನೇ. ಅದು ಕರುಳಿನಲ್ಲಿ ಕಬ್ಬಿಣ ಹೀರಿಕೆಯನ್ನು ಹೆಚ್ಚಿಸುತ್ತದೆ.

ವಾರಕ್ಕೊಂದು ಚೀಲ ಎಂದು ಶುರು ಮಾಡಿದೆವು. ಪ್ರತಿ ಸಲ ಸೂಜಿ ಹಾಕುವ ಮುಂಚೆ ಹಿಮೋಗ್ಲೋಬಿನ್ ನೋಡುವುದು. 12ಕ್ಕಿಂತ ಇಳಿದಿದ್ದರೆ ಆ ವಾರ ಬೇಡ. ಬ್ಲಡ್ ಬ್ಯಾಂಕಿನಲ್ಲಿ ಆ ಚೀಲವನ್ನು ಯಾರಿಗೂ ಕೊಡುವುದಿಲ್ಲ, ವಿಲೇವಾರಿ ಮಾಡುತ್ತಾರೆ. ಅವರಿಗೆ ಅದೊಂದೇ ಬೇಸರ.

ಫೆರಿಟಿನ್ ನೇರ ಗೆರೆಯಲ್ಲಿ ಇಳಿಯಲಿಲ್ಲ. ಮೊದಲ ತಿಂಗಳುಗಳಲ್ಲಿ ಏರಿಳಿತವಾಗಿ ಆಮೇಲೆ ಇಳಿಯುತ್ತಾ ಹೋಯಿತು. ಕೊನೆಕೊನೆಗೆ ಹಿಮೋಗ್ಲೋಬಿನ್ ಏರಲು ತಡವಾಗಿ ಅಂತರವನ್ನು ಎರಡು ವಾರಕ್ಕೆ ಹಿಗ್ಗಿಸಿದೆವು. ಫೆರಿಟಿನ್ 50ರ ಹತ್ತಿರ ಬರಲು ಒಂದು ವರ್ಷವೇ ಹಿಡಿಯಿತು. ಆಗಲೂ ಸ್ಯಾಚುರೇಶನ್ ಶೇ 60ರ ಮೇಲೇ ಇತ್ತು. ಇದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ರಕ್ತ ತೆಗೆಯುತ್ತಾ ಹೋದರೆ ರಕ್ತಹೀನತೆ ಬರುತ್ತದೆ. ಕಾಯಿಲೆ ಹಿಡಿಯಲು ಸ್ಯಾಚುರೇಶನ್ ಬೇಕು, ಚಿಕಿತ್ಸೆಯ ಗುರಿ ನೋಡಲು ಫೆರಿಟಿನ್ ಸಾಕು. ಈಗ ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಚೀಲ.

ನಡುವೆ ಇನ್ನೊಂದು ತಮಾಷೆ. ಅವರ ಸಕ್ಕರೆ ನೋಡುವ ಡಾಕ್ಟರು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9 ಬಂದದ್ದು ನೋಡಿ ಇನ್ಸುಲಿನ್ ಇಳಿಸಲು ಹೊರಟಿದ್ದರು. ವಾರವಾರ ರಕ್ತ ತೆಗೆದಾಗ ಹೊಸ ಕೆಂಪು ಕಣಗಳೇ ಹೆಚ್ಚಿರುತ್ತವೆ, ಅವುಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ. ಮನೆಯ ಗ್ಲುಕೋಮೀಟರಿನಲ್ಲಿ ಊಟದ ನಂತರ 230, 240 ಬರುತ್ತಲೇ ಇತ್ತು. ಫೋನ್ ಮಾಡಿ ಹೇಳಿದೆ, ಗ್ಲುಕೋಮೀಟರಿನ ಅಂಕಿಗಳ ಮೇಲೇ ಡೋಸ್ ನಡೆಸಿದರು.

ಸುಸ್ತು ಹೋಗಿದೆ, ಲಿವರ್ ಎಂಜೈಮುಗಳು ಸರಿಯಾಗಿವೆ, ಕಬ್ಬಿಣದಿಂದ ಮುಖಕ್ಕೆ ಬಂದಿದ್ದ ಕಪ್ಪು ತಿಳಿಯಾಗಿದೆ. ಗೆಣ್ಣು ನೋವು ಹಾಗೇ ಇದೆ. ಕೀಲು ಒಮ್ಮೆ ಸವೆದರೆ ಕಬ್ಬಿಣ ತೆಗೆದರೂ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಇನ್ಸುಲಿನ್ ಕೂಡ ಬಿಟ್ಟುಹೋಗಿಲ್ಲ.

ಒಡಹುಟ್ಟಿದವರಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮನನ್ನು ಕರೆಸಿದೆ. ಯಾವ ತೊಂದರೆಯೂ ಇಲ್ಲ, ಫೆರಿಟಿನ್ 640, ಸ್ಯಾಚುರೇಶನ್ ಶೇ 71, ಜೀನ್ ರಿಪೋರ್ಟ್ ಅಣ್ಣನದೇ. ಅಂಗಗಳು ಕೆಡುವ ಮೊದಲೇ ಸಿಕ್ಕಿದ್ದರಿಂದ ಅವರಿಗೆ ಕೆಲವೇ ತಿಂಗಳಲ್ಲಿ ಮುಗಿಯಿತು. ಅಕ್ಕನಿಗೆ ಕಾಯಿಲೆಯಿಲ್ಲ, ಒಂದು ಪ್ರತಿ ಮಾತ್ರ ಕೆಟ್ಟಿದೆ. ಆದರೆ ಅವರ ಮದುವೆಯೂ ಸಂಬಂಧದಲ್ಲೇ ಆಗಿದೆ. ಭಾವನವರಿಗೂ ಅದೇ ಜೀನ್ ಪರೀಕ್ಷೆ ಬರೆದಿದ್ದೇನೆ. ಅವರಲ್ಲೂ ಒಂದು ಕೆಟ್ಟ ಪ್ರತಿ ಸಿಕ್ಕಿದರೆ ಪಿಯುಸಿ ಓದುವ ಮಗಳ ರಕ್ತವನ್ನೂ ನೋಡಬೇಕಾಗುತ್ತದೆ.